ತಡವಾಗಿ ಪಾವತಿಸಿದ ತೆರಿಗೆಯ ಮೇಲಿನ ಬಡ್ಡಿ ಮತ್ತು ದಂಡ: ವ್ಯತ್ಯಾಸದ ವಿವರಣೆ

ತೆರಿಗೆ ಬಾಕಿಯ ನೋಟೀಸು ತಲುಪಿದ ವರ್ತಕರಲ್ಲಿ ಹಲವರು, “ತಪ್ಪು ಉದ್ದೇಶಪೂರ್ವಕವಲ್ಲ, ಆದ್ದರಿಂದ ಬಡ್ಡಿಯನ್ನು ಮನ್ನಾ ಮಾಡಬೇಕು” ಎಂದು ಮನವಿ ಸಲ್ಲಿಸುತ್ತಾರೆ. ಈ ಕಾರಣವು ದಂಡದ ವಿಷಯದಲ್ಲಿ ಪರಿಗಣನೆಗೆ ಅರ್ಹವಾದುದು. ಬಡ್ಡಿಯ ವಿಷಯದಲ್ಲಿ ಅನ್ವಯಿಸುವುದಿಲ್ಲ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯನ್ವಯ ಇವೆರಡೂ ಹೇಗೆ ಬೇರೆಯಾಗಿವೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಉದಾಹರಣೆಗೆ, ಕಂಪ್ಲಿಯಲ್ಲಿ ಸಿಮೆಂಟು ಮತ್ತು ಕಬ್ಬಿಣ ಮಾರುವ, ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ಒಬ್ಬ ನೋಂದಾಯಿತ ವರ್ತಕರನ್ನು ತೆಗೆದುಕೊಳ್ಳೋಣ. ಮೇ ತಿಂಗಳ ಮಾರಾಟದ ಮೇಲೆ ಅವರು ಕೊಡಬೇಕಾದ ತೆರಿಗೆ ರೂ. 1,20,000. ಖರೀದಿಯ ಮೇಲೆ ಈಗಾಗಲೇ ತೆತ್ತ ತೆರಿಗೆಯ ಜಮೆ ರೂ. 80,000. ಉಳಿದ ರೂ. 40,000ವನ್ನು ಜೂನ್ 20ರೊಳಗೆ ನಗದಾಗಿ ಪಾವತಿಸಬೇಕಿತ್ತು. ಅವರು ಜುಲೈ 15ರಂದು ಪಾವತಿಸಿ, ಅಂದೇ ಜಿಎಸ್‌ಟಿಆರ್-3ಬಿ ರಿಟರ್ನನ್ನು ಸಲ್ಲಿಸಿದರು. ವಿಳಂಬ 25 ದಿನ.

ಪ್ರಕರಣ 50ರನ್ವಯ ಬಡ್ಡಿದರ ವಾರ್ಷಿಕ ಶೇ. 18. ರೂ. 40,000ಕ್ಕೆ ಒಂದು ವರ್ಷದ ಬಡ್ಡಿ ರೂ. 7,200, 25 ದಿನಗಳಿಗೆ ಸುಮಾರು ರೂ. 493. ಬಡ್ಡಿಯನ್ನು ಪೂರ್ಣ ರೂ. 1,20,000ದ ಮೇಲೆ ಲೆಕ್ಕ ಹಾಕಲಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ಜಮೆಯ ಮೊತ್ತವು ಮೊದಲೇ ಸರ್ಕಾರವನ್ನು ಸೇರಿರುತ್ತದೆ. ವರ್ತಕರ ಕೈಯಲ್ಲಿ ಉಳಿದಿದ್ದುದು ರೂ. 40,000 ಮಾತ್ರ. ಇದೇ ತತ್ವದಂತೆ, ಗಡುವಿನೊಳಗೆ ನಗದು ಲೆಡ್ಜರಿಗೆ ಹಣ ಜಮೆ ಮಾಡಿ, ರಿಟರ್ನನ್ನು ಮಾತ್ರ ತಡವಾಗಿ ಸಲ್ಲಿಸಿದ್ದರೆ, ಆ ಹಣದ ಮೇಲೆ ಬಡ್ಡಿ ಬರುವುದಿಲ್ಲವೆಂದು 2024ರಲ್ಲಿ ನಿಯಮವನ್ನು ತಿದ್ದಲಾಗಿದೆ. ರಿಟರ್ನ್ ತಡವಾದುದಕ್ಕೆ ದಿನಕ್ಕೆ ರೂ. 50ರಂತೆ ಬರುವ ವಿಳಂಬ ಶುಲ್ಕವು ಬಡ್ಡಿಯೂ ಅಲ್ಲ, ದಂಡವೂ ಅಲ್ಲ, ಅದು ಪ್ರತ್ಯೇಕ.

ಬಡ್ಡಿಯೆಂದರೆ ಸರ್ಕಾರಕ್ಕೆ ಸಲ್ಲಬೇಕಾದ ಹಣವನ್ನು ಅಷ್ಟು ದಿನ ಬಳಸಿಕೊಂಡುದಕ್ಕೆ ಕೊಡುವ ಪರಿಹಾರ. ವರ್ತಕರು ಕಾಯಿಲೆ ಬಿದ್ದಿದ್ದರೇ, ಲೆಕ್ಕಿಗರು ಮರೆತರೇ ಎಂಬುದು ಈ ಲೆಕ್ಕದಲ್ಲಿ ಬರುವುದಿಲ್ಲ. ಆದುದರಿಂದಲೇ, ಆದೇಶದಲ್ಲಿ ಬಡ್ಡಿಯನ್ನು ನಮೂದಿಸದಿದ್ದರೂ ಅದನ್ನು ಕೊಡಬೇಕೆಂದು ಪ್ರಕರಣ 75(9) ಹೇಳುತ್ತದೆ. ಸರ್ಕಾರವೂ ಈ ಹೊಣೆಯಿಂದ ಹೊರತಲ್ಲ. ಮರುಪಾವತಿಯ ಅರ್ಜಿ ಸ್ವೀಕೃತವಾದ 60 ದಿನಗಳೊಳಗೆ ಹಣ ಕೊಡದಿದ್ದರೆ ಪ್ರಕರಣ 56ರಂತೆ ಸರ್ಕಾರವು ಅರ್ಜಿದಾರರಿಗೆ ಬಡ್ಡಿ ಕೊಡಬೇಕು. ಆ ದರವು ಸಾಮಾನ್ಯವಾಗಿ ಶೇ. 6 ಮಾತ್ರವೆಂಬುದು ವರ್ತಕರ ಆಕ್ಷೇಪ, ಅದು ನ್ಯಾಯವಾದುದೇ.

ದಂಡದ ಪ್ರಶ್ನೆ ಬೇರೆ: ಹಣ ಎಷ್ಟು ದಿನ ನಿಂತಿತು ಎಂಬುದಲ್ಲ, ವರ್ತಕರ ನಡತೆ ಹೇಗಿತ್ತು ಎಂಬುದು. ಮೇಲಿನ ವರ್ತಕರು ರೂ. 40,000 ತೆರಿಗೆಯ ಬಿಲ್ಲುಗಳನ್ನು ರಿಟರ್ನಿನಲ್ಲಿ ತೋರಿಸಲೇ ಇಲ್ಲ, ಒಂದು ವರ್ಷದ ನಂತರ ನೋಟೀಸು ಬಂದಿತು ಎಂದುಕೊಳ್ಳೋಣ. ಮರೆತಿರಲಿ, ಮರೆಮಾಚಿರಲಿ, ಬಡ್ಡಿ ರೂ. 7,200ವೇ. ವ್ಯತ್ಯಾಸ ಬರುವುದು ದಂಡದಲ್ಲಿ. 2024-25ನೇ ಸಾಲಿನಿಂದ ಜಾರಿಯಲ್ಲಿರುವ ಪ್ರಕರಣ 74ಎ ಪ್ರಕಾರ, ವಂಚನೆಯಿಲ್ಲದ ತಪ್ಪಾಗಿದ್ದು, ನೋಟೀಸಿನ 60 ದಿನಗಳೊಳಗೆ ತೆರಿಗೆ ಮತ್ತು ಬಡ್ಡಿಯನ್ನು ಪಾವತಿಸಿದರೆ ದಂಡವಿಲ್ಲ. ಉದ್ದೇಶಪೂರ್ವಕವಾಗಿ ಮರೆಮಾಚಿದ್ದರೆ ದಂಡವು ತೆರಿಗೆಯಷ್ಟೇ, ಅಂದರೆ ರೂ. 40,000. ನೋಟೀಸಿಗೆ ಮೊದಲೇ ತಾವಾಗಿ ಪಾವತಿಸಿದರೆ ಶೇ. 15 (ರೂ. 6,000), ನೋಟೀಸಿನ 60 ದಿನಗಳೊಳಗೆ ಪಾವತಿಸಿದರೆ ಶೇ. 25 (ರೂ. 10,000). ಆದರೆ ಒಂದು ಮಿತಿಯುಂಟು. ತಾವೇ ಲೆಕ್ಕ ಹಾಕಿ ಒಪ್ಪಿಕೊಂಡ ತೆರಿಗೆಯನ್ನಾಗಲಿ, ಗಿರಾಕಿಗಳಿಂದ ತೆರಿಗೆಯೆಂದು ವಸೂಲು ಮಾಡಿದ ಹಣವನ್ನಾಗಲಿ ಗಡುವಿನ ನಂತರ 30 ದಿನ ಕಳೆದರೂ ಕಟ್ಟದವರಿಗೆ ದಂಡದಿಂದ ಈ ವಿನಾಯಿತಿ ದೊರೆಯುವುದಿಲ್ಲ.

ದಂಡ ವಿಧಿಸುವ ಅಧಿಕಾರವಿದೆ ಎಂಬ ಮಾತ್ರಕ್ಕೆ ವಿಧಿಸತಕ್ಕದ್ದಲ್ಲ, ಕಾನೂನನ್ನು ಬೇಕೆಂದೇ ಧಿಕ್ಕರಿಸಿದ್ದರೇ ಎಂಬುದನ್ನು ನೋಡಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 1969ರಲ್ಲಿ ಹಿಂದೂಸ್ತಾನ್ ಸ್ಟೀಲ್ ಪ್ರಕರಣದಲ್ಲಿ ತಿಳಿಸಿತ್ತು. ಬಡ್ಡಿಯ ಹೊಣೆ ತಾನಾಗಿಯೇ ಬರುವುದಾದರೂ ಅದರ ಮೊತ್ತದ ಬಗ್ಗೆ ವಿವಾದವಿರಬಹುದು. ಎಲ್.ಸಿ. ಇನ್ಫ್ರಾ ಪ್ರಾಜೆಕ್ಟ್ಸ್ ಪ್ರಕರಣದಲ್ಲಿ, ನೋಟೀಸು ನೀಡದೆ ಬಡ್ಡಿಯನ್ನು ವಸೂಲು ಮಾಡುವ ಕ್ರಮವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2019ರಲ್ಲಿ ರದ್ದುಪಡಿಸಿತು. ವಿಭಾಗೀಯ ಪೀಠವು 2020ರಲ್ಲಿ ಅದನ್ನು ಎತ್ತಿಹಿಡಿಯಿತು.

ಬಡ್ಡಿಯನ್ನು ಮನ್ನಾ ಮಾಡಲು ಕಾಯ್ದೆಗೇ ತಿದ್ದುಪಡಿ ಬೇಕಾಗುತ್ತದೆ. 2017-18ರಿಂದ 2019-20ರವರೆಗಿನ, ವಂಚನೆಯಿಲ್ಲದ ಪ್ರಕರಣಗಳಲ್ಲಿ ಬಡ್ಡಿ ಮತ್ತು ದಂಡವನ್ನು ಮನ್ನಾ ಮಾಡಲು 2024ರಲ್ಲಿ ಪ್ರಕರಣ 128ಎ ಸೇರಿಸಲಾಯಿತು. ಅದರಡಿ ಪೂರ್ಣ ತೆರಿಗೆಯನ್ನು ಪಾವತಿಸಲು ಸಾಮಾನ್ಯವಾಗಿ ನಿಗದಿಯಾಗಿದ್ದ 31-3-2025ರ ಗಡುವು ಮುಗಿದಿದೆ. ಆದ್ದರಿಂದ ನೋಟೀಸಿಗೆ ಉತ್ತರಿಸುವವರು ಬಡ್ಡಿಯ ಬಗ್ಗೆ ದಿನಾಂಕ, ದಿನಗಳ ಎಣಿಕೆ ಮತ್ತು ನಗದು ಲೆಡ್ಜರಿನ ಪ್ರತಿಯನ್ನು ಒದಗಿಸತಕ್ಕದ್ದು. ತಪ್ಪು ಹೇಗಾಯಿತೆಂಬ ವಿವರಣೆಯನ್ನೂ ದಾಖಲೆಗಳನ್ನೂ ದಂಡದ ಭಾಗಕ್ಕೆ ಪ್ರತ್ಯೇಕವಾಗಿ ಸಲ್ಲಿಸತಕ್ಕದ್ದು.