ಕೆಲ್ಲಿ ಸೂತ್ರ (ವಹಿವಾಟಿನ ದಾಖಲೆಗೆ ಅನ್ವಯ)

ಬಂಡವಾಳ ದೀರ್ಘಾವಧಿಯಲ್ಲಿ ಅತಿ ವೇಗವಾಗಿ ಬೆಳೆಯಲು ಪ್ರತಿ ಸಲ ಅದರ ಎಷ್ಟು ಪಾಲನ್ನು ಪಣಕ್ಕಿಡಬೇಕೆಂದು ಹೇಳುವ ಸೂತ್ರ. ಬೆಲ್ ಪ್ರಯೋಗಾಲಯದ ಜಾನ್ ಕೆಲ್ಲಿ 1956ರಲ್ಲಿ ಇದನ್ನು ಪ್ರಕಟಿಸಿದರು.

f = W − (1 − W)/R

W ಗೆದ್ದ ವಹಿವಾಟುಗಳ ಪಾಲು. R ಎಂದರೆ ಸರಾಸರಿ ಲಾಭವನ್ನು ಸರಾಸರಿ ನಷ್ಟದಿಂದ ಭಾಗಿಸಿದ್ದು. f ಬಂಡವಾಳದಲ್ಲಿ ಹೂಡುವ ಪಾಲಲ್ಲ, ಸೋತರೆ ಕಳೆಯುವ ಪಾಲು. ಹೊಸಬರು ಎಡವುವುದು ಇಲ್ಲೇ.

ಹೈದರಾಬಾದಿನ ಅಮೀರ್‌ಪೇಟ್‌ಗೆ ಸಾಫ್ಟ್‌ವೇರ್ ಕೋರ್ಸಿಗೆಂದು ಬಂದ ಕಲಬುರಗಿಯ ಹುಡುಗನೊಬ್ಬ ಶೇರು ವಹಿವಾಟಿಗೂ ಇಳಿದನೆಂದುಕೊಳ್ಳಿ. ಖರ್ಚು ಕಳೆದ ಮೇಲೆ 40 ವಹಿವಾಟುಗಳಲ್ಲಿ 22 ಗೆಲುವು. ಸರಾಸರಿ ಲಾಭ ₹3,000, ನಷ್ಟ ₹2,000. W 0.55, R 1.5, f 0.25. ಅಂದರೆ ಒಂದು ಲಕ್ಷದಲ್ಲಿ ಪ್ರತಿ ಸಲ ₹25,000 ಕಳೆದುಕೊಳ್ಳಲು ಸಿದ್ಧನಿರಬೇಕು!

ಆದರೆ 40 ವಹಿವಾಟು ಸಣ್ಣ ದಾಖಲೆ. ನಾಲ್ಕು ಗೆಲುವು ಅದೃಷ್ಟದ್ದಾಗಿದ್ದರೆ ನಿಜವಾದ W 0.45; ಆಗ ಸರಿಯಾದ f ಸುಮಾರು 0.08 ಮಾತ್ರ. ಅಂಥಲ್ಲಿ 0.25ರಂತೆ ಆಡಿದರೆ ಬಂಡವಾಳ ಪ್ರತಿ ವಹಿವಾಟಿಗೆ ಸರಾಸರಿ ಶೇ. 1.5ರಷ್ಟು ಕರಗುತ್ತದೆ. ಅರ್ಧಕ್ಕೆ, 0.125ಕ್ಕೆ ಇಳಿಸಿದ್ದರೆ ಅದೇ ತಪ್ಪು ಅಂದಾಜಿನಲ್ಲೂ ಶೇ. 0.4ರಷ್ಟು ಬೆಳೆಯುತ್ತಿತ್ತು. ಅಂದಾಜು ಸರಿಯಿದ್ದರೂ ಅರ್ಧ ಪಾಲಿನವನಿಗೆ ಹೆಚ್ಚು ನಷ್ಟವಿಲ್ಲ: ಏರಿಳಿತ ಅರ್ಧಕ್ಕಿಳಿದು, ಬೆಳವಣಿಗೆಯ ಸುಮಾರು ಮುಕ್ಕಾಲು ಭಾಗ ಕೈಯಲ್ಲೇ ಉಳಿಯುತ್ತದೆ. f ಋಣವಾಗಿ ಬಂದರೆ ಅರ್ಧವೂ ಬೇಡ, ಆ ವಿಧಾನವನ್ನೇ ಬಿಡಬೇಕು.