ಕಥಾಭಿನಯ: ಎಳೆಯ ಮಕ್ಕಳ ಕಥೆ ಮತ್ತು ಮಾತಿನ ಬೆಳವಣಿಗೆ

ಸುಮಾರು ಮೂರರಿಂದ ಆರು ವರ್ಷದ ಮಕ್ಕಳು ತಾವೇ ಕಟ್ಟಿದ ಕಥೆಯನ್ನು ಶಿಕ್ಷಕರಿಂದ ಬರೆಸಿ, ಅದೇ ದಿನ ಜೊತೆಯ ಮಕ್ಕಳೊಂದಿಗೆ ಆಡಿ ತೋರಿಸುವ ಪದ್ಧತಿ ಕಥಾಭಿನಯ. ಶಿಕಾಗೊ ವಿಶ್ವವಿದ್ಯಾಲಯದ ಲ್ಯಾಬೊರೇಟರಿ ಶಾಲೆಯಲ್ಲಿ ಕಿಂಡರ್‌ಗಾರ್ಟನ್ ಶಿಕ್ಷಕಿಯಾಗಿದ್ದ ವಿವಿಯನ್ ಪೇಲಿ (1929–2019) ಇದಕ್ಕೆ ರೂಪ ಕೊಟ್ಟರು.

ಇದು ಶುರುವಾದ ಬಗೆಯನ್ನು 1981ರ ತಮ್ಮ ಪುಸ್ತಕದಲ್ಲಿ ಪೇಲಿ ಬರೆದಿದ್ದಾರೆ. ಅವರು ವಾಲಿ ಎಂದು ಕರೆಯುವ ಐದು ವರ್ಷದ ಹುಡುಗ ಒಂದು ದಿನ ತಂಟೆ ಮಾಡಿ ಶಿಕ್ಷೆಯ ಕುರ್ಚಿಯಲ್ಲಿ ಕೂತಿದ್ದ. ಒಂದು ಕಥೆ ಹೇಳು ಎಂದರು ಪೇಲಿ. ಊರನ್ನು ಪುಡಿಗಟ್ಟಿ ಜೈಲು ಸೇರುವ ಡೈನೊಸಾರ್ ಒಂದರ ಕಥೆ ಬಂತು. ಕೊನೆಗೆ ಅದು ಇನ್ನು ಒಳ್ಳೆಯದಾಗಿರುತ್ತೇನೆಂದು ಮಾತು ಕೊಟ್ಟು, ತಾಯಿ ಕಾಯುತ್ತಿದ್ದ ಮನೆಗೆ ಮರಳುತ್ತದೆ! ಅಲ್ಲಿಯವರೆಗೆ ಕಥೆ ಬರೆಸಲು ಒಲ್ಲದ ಮಕ್ಕಳು, ವಾಲಿಯ ಸಮಾಧಾನಕ್ಕೆಂದು ಅವನ ಕಥೆಯನ್ನು ಆಡಿದ ಮೇಲೆ ತಮ್ಮದನ್ನೂ ಬರೆದುಕೊಳ್ಳಿ ಎಂದು ಮುಗಿಬಿದ್ದರು.

ವಿಧಾನ ಸರಳ. ಶಿಕ್ಷಕಿ ಮಗುವಿನ ಪಕ್ಕ ಕೂತು, ಅದು ಹೇಳಿದ ಪದಗಳನ್ನು ಗಟ್ಟಿಯಾಗಿ ಉಚ್ಚರಿಸುತ್ತ ಬರೆಯುತ್ತಾರೆ. ಕಥೆ ಒಂದು ಪುಟ ಮೀರುವಂತಿಲ್ಲ. ಆಮೇಲೆ ಮಕ್ಕಳು ಸುತ್ತಲೂ ಕೂರುತ್ತಾರೆ, ನಡುವಿನ ಜಾಗವೇ ರಂಗ. ಶಿಕ್ಷಕಿ ಓದುತ್ತಿದ್ದಂತೆ ಪಾತ್ರಧಾರಿಗಳು ಎದ್ದು ಬರುತ್ತಾರೆ. ವೇಷ, ಸಾಮಾನು ಏನೂ ಬೇಡ.

ಭಾಷೆಯ ನಿಜವಾದ ಕೆಲಸ ನಡೆಯುವುದು ಈ ಆಟದಲ್ಲಿ. ನಾಲ್ಕು ವರ್ಷದ ಮಗುವೊಂದು ‘ರಾಜ ಬಂದ, ಕಳ್ಳ ಬಂದ, ಅವನು ಹೊಡೆದ, ಅವನು ಓಡಿಹೋದ’ ಎಂದು ಬರೆಸಿತೆನ್ನಿ. ಹೇಳುವಾಗ ಮಗುವಿಗೆ ಎಲ್ಲವೂ ಸ್ಪಷ್ಟ, ಏಕೆಂದರೆ ಚಿತ್ರ ಅದರ ತಲೆಯೊಳಗಿದೆ. ರಂಗದಲ್ಲಿ ಮಾತ್ರ ರಾಜನೂ ಕಳ್ಳನೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲುತ್ತಾರೆ: ಹೊಡೆಯಬೇಕಾದವರು ಯಾರು? ಆಗ ಕಥೆಗಾರನೇ ‘ರಾಜ ಕಳ್ಳನಿಗೆ ಹೊಡೆದ’ ಎಂದು ತಿದ್ದಿಕೊಳ್ಳುತ್ತಾನೆ. ತನಗೆ ಗೊತ್ತಿರುವುದು ಕೇಳುವವರಿಗೆ ಗೊತ್ತಿರಲಿಕ್ಕಿಲ್ಲ ಎಂಬ ಈ ಅರಿವು ಮುಂದೆ ಓದು ಬರಹಕ್ಕೂ ಬೇಕು. ವ್ಯಾಕರಣದ ಯಾವ ಪಾಠವೂ ಇದನ್ನು ಇಷ್ಟು ಬೇಗ ಕಲಿಸಲಾರದು.

ಈ ಪದ್ಧತಿ ಕೆಡುವುದು ಹೆಚ್ಚಾಗಿ ದೊಡ್ಡವರಿಂದಲೇ. ‘ಹಾಗಲ್ಲ ಪುಟ್ಟಾ, ಹೀಗೆ ಹೇಳು’ ಎಂದು ಪ್ರತಿ ವಾಕ್ಯವನ್ನೂ ನೇರಮಾಡುವ ಶಿಕ್ಷಕರ ಮುಂದೆ ಕಥೆಗಳು ಒಂದೇ ಅಚ್ಚಿನವಾಗುತ್ತವೆ. ವಾರಗಟ್ಟಲೆ ಎಲ್ಲರ ಕಥೆಯೂ ಒಳ್ಳೆಯ ಮೊಲದ ಬುದ್ಧಿಮಾತಿನಲ್ಲೇ ಮುಗಿಯುತ್ತಿದ್ದರೆ ಅದು ಮಕ್ಕಳದ್ದಲ್ಲ, ಶಿಕ್ಷಕರದ್ದು. ಟಿವಿಯ ನಾಯಕನನ್ನು ಅನುಕರಿಸುವ ಕಥೆ ಬಂದರೆ ಗಾಬರಿಯಾಗಬೇಕಿಲ್ಲ, ಎರವಲು ಪಾತ್ರದಿಂದಲೇ ಅನೇಕ ಮಕ್ಕಳು ಆರಂಭಿಸುತ್ತಾರೆ.

ಅಮೆರಿಕದ ಬಡ ಕುಟುಂಬಗಳ ಮಕ್ಕಳಿರುವ ಶಾಲಾಪೂರ್ವ ತರಗತಿಗಳಲ್ಲಿ ಅಗೆಲಿಕಿ ನಿಕೊಲೊಪೌಲು ಮತ್ತು ಸಂಗಡಿಗರು ಕಥಾಭಿನಯದ ಬಗ್ಗೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಥೆಯ ಗ್ರಹಿಕೆ, ಪದ ಮತ್ತು ಮುದ್ರಿತ ಅಕ್ಷರಗಳ ಅರಿವು, ಸ್ವನಿಯಂತ್ರಣ ಸುಧಾರಿಸಿದ್ದು ಕಂಡುಬಂತು.

ನಮ್ಮ ಅಂಗನವಾಡಿಯಲ್ಲಿ ಒಬ್ಬರೇ ಕಾರ್ಯಕರ್ತೆ ಹಲವು ವಯಸ್ಸಿನ ಮಕ್ಕಳನ್ನು ನೋಡಿಕೊಳ್ಳಬೇಕು. ದಿನಕ್ಕೆ ಎರಡು ಕಥೆ ಸಾಕು, ಸರದಿಗೆ ಹೆಸರಿನ ಪಟ್ಟಿ ಇದ್ದರೆ ಗಲಾಟೆಯಿಲ್ಲ. ತುಳುವಿನಲ್ಲೋ ಲಂಬಾಣಿಯಲ್ಲೋ ಮಗು ಕಥೆ ಹೇಳಿದರೆ ಆ ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆದು, ಹಾಗೆಯೇ ಓದಿ ಆಡಿಸಬಹುದು.