ಗಿವ್‌ಅವೇ ಪೋಸ್ಟ್ ಹಾಕ್ತೀರಾ? ‘ಅಕ್ಟೋಬರ್ 20ರವರೆಗೆ’ ಎಂದಷ್ಟೇ ಬರೆದರೆ ಸಾಲದು

ಹಬ್ಬದ ಸೀಸನ್ ಬಂತೆಂದರೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ತುಂಬಾ ಗಿವ್‌ಅವೇ ಪೋಸ್ಟ್‌ಗಳದ್ದೇ ಸದ್ದು. ‘ಲೈಕ್ ಮಾಡಿ, ಕಾಮೆಂಟ್ ಮಾಡಿ, ಸೀರೆ ಗೆಲ್ಲಿ’ ಎಂದು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಫಲಿತಾಂಶ ಬಂದ ದಿನ ಅದೇ ಕಾಮೆಂಟ್ ಬಾಕ್ಸ್‌ನಲ್ಲಿ ‘ಇದು ಮೋಸ’ ಎಂಬ ಸಾಲುಗಳೂ ಬರುತ್ತವೆ. ಹಲವು ಬಾರಿ ಅಲ್ಲಿ ಮೋಸ ನಡೆದಿರುವುದಿಲ್ಲ, ನಿಯಮವನ್ನು ಸರಿಯಾಗಿ ಬರೆದಿರುವುದಿಲ್ಲ ಅಷ್ಟೇ.

ಸಿಕಂದರಾಬಾದ್‌ನ ಜನರಲ್ ಬಜಾರ್‌ನಲ್ಲಿ ಕನ್ನಡಿಗರೊಬ್ಬರ ಸೀರೆ ಅಂಗಡಿ ಇದೆ ಎಂದುಕೊಳ್ಳಿ. ತಲಾ 4,000 ರೂ. ಬೆಲೆಯ ಮೂರು ಸೀರೆ ಕೊಡಲು ಅವರು ಪೋಸ್ಟ್ ಹಾಕುತ್ತಾರೆ.

ಯಾರು ಭಾಗವಹಿಸಬಹುದು?

‘ಹೈದರಾಬಾದ್ ನಿವಾಸಿಗಳಿಗೆ ಮಾತ್ರ’ ಎಂದು ಬರೆದರೆ ಮೊದಲ ಜಗಳ ಅಲ್ಲೇ ಶುರು. ತಿರುಮಲಗಿರಿಯವರು ಹೈದರಾಬಾದಿನವರೋ ಅಲ್ಲವೋ? ಆ ಭಾಗ ಸಿಕಂದರಾಬಾದ್ ಕಂಟೋನ್ಮೆಂಟ್‌ಗೆ ಸೇರಿದ್ದು, ಅದಕ್ಕೆ ಪ್ರತ್ಯೇಕ ಮಂಡಳಿಯೇ ಇದೆ. ಊರಿನ ಹೆಸರಿಗಿಂತ ಪಿನ್‌ಕೋಡ್ ಬರೆಯುವುದು ಸುಲಭ: ‘500ರಿಂದ ಆರಂಭವಾಗುವ ಪಿನ್‌ಕೋಡ್ ವಿಳಾಸಕ್ಕೆ ಮಾತ್ರ ಬಹುಮಾನ ಕಳಿಸುತ್ತೇವೆ’. ವಯಸ್ಸು 18 ತುಂಬಿರಬೇಕು ಎಂದೂ ಹೇಳಿ, ಏಕೆಂದರೆ ಅಪ್ರಾಪ್ತರು ಕಾನೂನುಬದ್ಧ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಅಂಗಡಿ ಸಿಬ್ಬಂದಿ ಮತ್ತು ಅವರ ಮನೆಯವರನ್ನು ಹೊರಗಿಡಿ. ಇದನ್ನು ಬರೆಯದೆ ಸಿಬ್ಬಂದಿಯ ತಂಗಿ ಗೆದ್ದರೆ ಉತ್ತರಿಸುವುದು ಕಷ್ಟ.

‘ವರೆಗೆ’ ಮತ್ತು ‘ಒಳಗೆ’

‘20ರವರೆಗೆ’ ಅಂದರೆ 20ನೇ ತಾರೀಖೂ ಸೇರಿದೆಯೇ? ‘20ರೊಳಗೆ’ ಅಂದರೆ 19ಕ್ಕೇ ಮುಗಿಯಿತೇ? ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ‘20ರ ರಾತ್ರಿ 12’ ಎಂಬುದಂತೂ ಇನ್ನೂ ಗೊಂದಲ: ಅದು 20 ಆರಂಭವಾಗುವ ಹೊತ್ತೋ, ಮುಗಿಯುವ ಹೊತ್ತೋ? ‘ಅಕ್ಟೋಬರ್ 20, ರಾತ್ರಿ 11.59 (ಭಾರತೀಯ ಕಾಲಮಾನ)’ ಎಂದು ಬರೆದರೆ ವಾದಕ್ಕೆ ಜಾಗವಿಲ್ಲ. ದುಬೈನಲ್ಲಿರುವ ನೆಂಟರೂ ನಿಮ್ಮ ಪೋಸ್ಟ್ ನೋಡುತ್ತಾರೆ, ಹಾಗಾಗಿ ಕಾಲಮಾನ ಬಿಡಬೇಡಿ.

ಗೆದ್ದವರನ್ನು ಆರಿಸುವುದು ಹೇಗೆ?

‘ಅದೃಷ್ಟಶಾಲಿ ವಿಜೇತರು’ ಅಂದರೆ ಚೀಟಿ ಎತ್ತುವುದು. ‘ಉತ್ತಮ ಉತ್ತರಕ್ಕೆ ಬಹುಮಾನ’ ಅಂದರೆ ಯಾರೋ ತೀರ್ಪು ಕೊಡಬೇಕು. ಎರಡನ್ನೂ ಒಂದೇ ಪೋಸ್ಟ್‌ನಲ್ಲಿ ಬೆರೆಸುವುದು ದೊಡ್ಡ ತಪ್ಪು. ‘ಹೆಚ್ಚು ಲೈಕ್ ಪಡೆದವರು’ ಎಂಬ ನಿಯಮವನ್ನಂತೂ ಬಿಟ್ಟುಬಿಡಿ, ಲೈಕ್ ದುಡ್ಡಿಗೆ ಸಿಗುತ್ತದೆ.

ಚೀಟಿಯ ದಾರಿ ಹಿಡಿದರೆ ಕ್ರಮ ಹೀಗಿರಲಿ. ಗಡುವಿನ ನಂತರ ಕಾಮೆಂಟ್‌ಗಳ ಪಟ್ಟಿ ತೆಗೆದು, ಒಬ್ಬರದು ಹಲವು ಇದ್ದರೆ ಮೊದಲನೆಯದನ್ನು ಮಾತ್ರ ಉಳಿಸಿ, ಸಮಯದ ಕ್ರಮದಲ್ಲಿ ನಂಬರ್ ಕೊಡಿ. 412 ಜನ ಉಳಿದರೆ 1ರಿಂದ 412ರೊಳಗಿನ ಆರು ನಂಬರ್ ಎತ್ತಿ. ಮೊದಲ ಮೂವರು ವಿಜೇತರು, ಉಳಿದ ಮೂವರು ಕಾಯ್ದಿರಿಸಿದವರು. ಪಟ್ಟಿ ಕಾಣುವಂತೆ ವಿಡಿಯೊ ಮಾಡಿ ಇಟ್ಟುಕೊಳ್ಳಿ.

ಇಲ್ಲಿ ಕಾನೂನೂ ಇದೆ

‘ಸೀರೆ ಕೊಂಡವರಿಗೆ ಮಾತ್ರ ಡ್ರಾ’ ಎಂದರೆ ಸಂಗತಿ ಗಂಭೀರ. ದುಡ್ಡು ಕೊಟ್ಟು ಅದೃಷ್ಟ ಪರೀಕ್ಷಿಸುವುದು ಲಾಟರಿಯಾಗಬಹುದು. ಅನಧಿಕೃತ ಲಾಟರಿಯ ಜಾಹೀರಾತು ಪ್ರಕಟಿಸುವುದೂ ಭಾರತೀಯ ನ್ಯಾಯ ಸಂಹಿತೆಯ 297ನೇ ಸೆಕ್ಷನ್ ಪ್ರಕಾರ ಅಪರಾಧ. ಹಳೆಯ ಉದಾಹರಣೆ ನಮ್ಮ ಬೆಂಗಳೂರಿನದೇ. ಇಲ್ಲಿಂದ ಪ್ರಕಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆಯ ಆರ್‌ಎಂಡಿಸಿ ಪದಬಂಧದಲ್ಲಿ ಗೆಲ್ಲಲು ಮೊದಲೇ ಮುಚ್ಚಿಟ್ಟ ಉತ್ತರಕ್ಕೆ ಹೊಂದಬೇಕಿತ್ತು. ಅದು ಜೂಜಿನ ಸ್ವರೂಪದ್ದು ಎಂದು 1957ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಪ್ರವೇಶ ಉಚಿತವಾದರೂ ಹೊಣೆ ತಪ್ಪುವುದಿಲ್ಲ. ಮಾರಾಟ ಹೆಚ್ಚಿಸಲು ನಡೆಸುವ ಸ್ಪರ್ಧೆಗಳು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಅನುಚಿತ ವ್ಯಾಪಾರ ಪದ್ಧತಿ’ ವ್ಯಾಖ್ಯೆಯೊಳಗೆ ಬರುತ್ತವೆ. ಬಹುಮಾನ ಯೋಜನೆ ಮುಗಿದ ಮೇಲೆ ಫಲಿತಾಂಶ ತಿಳಿಸದಿರುವುದೂ ಅದರಲ್ಲೇ ಇದೆ. ಹಾಗಾಗಿ ದೊಡ್ಡ ಮೊತ್ತವಿದ್ದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಬಹುಮಾನ 10,000 ರೂ. ದಾಟಿದರೆ ಶೇ 30ರ ಟಿಡಿಎಸ್ ಕೂಡ ಬರುತ್ತದೆ. 90,000 ರೂ. ಸ್ಕೂಟರ್‌ಗೆ 27,000 ರೂ. ತೆರಿಗೆ ಕಟ್ಟುವವರು ಯಾರು ಎಂಬುದು ಪೋಸ್ಟ್‌ನಲ್ಲೇ ಇರಬೇಕು. ನಮ್ಮ ಅಂಗಡಿಯ ಸೀರೆಗಳಿಗೆ ಈ ತಲೆನೋವಿಲ್ಲ.

ವೇದಿಕೆಯ ನಿಯಮವೂ ಬೇರೆ. ‘ನಿಮ್ಮ ಟೈಮ್‌ಲೈನ್‌ನಲ್ಲಿ ಶೇರ್ ಮಾಡಿ’, ‘ಗೆಳೆಯರನ್ನು ಟ್ಯಾಗ್ ಮಾಡಿ’ ಎಂಬುದನ್ನು ಭಾಗವಹಿಸುವ ಷರತ್ತಾಗಿ ಇಡಲು ಫೇಸ್‌ಬುಕ್ ಬಿಡುವುದಿಲ್ಲ.

ಪೋಸ್ಟ್ ಹೀಗಿರಬಹುದು

‘ಮೂರು ಜನರಿಗೆ ತಲಾ ಒಂದು ಸೀರೆ (ಬೆಲೆ 4,000 ರೂ.). ಖರೀದಿ ಬೇಕಿಲ್ಲ, ಪ್ರವೇಶ ಉಚಿತ. 18 ತುಂಬಿದ, 500ರಿಂದ ಆರಂಭವಾಗುವ ಪಿನ್‌ಕೋಡ್ ವಿಳಾಸವಿರುವವರಿಗೆ. ನಮ್ಮ ಸಿಬ್ಬಂದಿ, ಅವರ ಕುಟುಂಬದವರು ಭಾಗವಹಿಸುವಂತಿಲ್ಲ. ನಿಮ್ಮಿಷ್ಟದ ಸೀರೆ ಬಣ್ಣವನ್ನು ಕಾಮೆಂಟ್ ಮಾಡಿ, ಒಬ್ಬರಿಗೆ ಒಂದೇ ಅವಕಾಶ. ಅಕ್ಟೋಬರ್ 10ರ ಬೆಳಿಗ್ಗೆ 10ರಿಂದ ಅಕ್ಟೋಬರ್ 20ರ ರಾತ್ರಿ 11.59 (ಭಾರತೀಯ ಕಾಲಮಾನ). ಚೀಟಿ ಎತ್ತಿ ಆಯ್ಕೆ. ಅಕ್ಟೋಬರ್ 22ರ ಸಂಜೆ 6ಕ್ಕೆ ಇದೇ ಪುಟದಲ್ಲಿ ಫಲಿತಾಂಶ. 48 ಗಂಟೆಯೊಳಗೆ ಉತ್ತರಿಸದಿದ್ದರೆ ಮುಂದಿನವರಿಗೆ ಬಹುಮಾನ. ಇದಕ್ಕೂ ಇನ್‌ಸ್ಟಾಗ್ರಾಂಗೂ ಸಂಬಂಧವಿಲ್ಲ. ನಾವು ಹಣ, ಒಟಿಪಿ ಕೇಳುವುದಿಲ್ಲ.’

ಕೊನೆಯ ಸಾಲು ಸುಮ್ಮನೆ ಹಾಕಿದ್ದಲ್ಲ. ಕೆಬಿಸಿ ಹೆಸರಿನ ‘25 ಲಕ್ಷ ಲಾಟರಿ’ ವಾಟ್ಸ್‌ಆ್ಯಪ್ ವಂಚನೆ ಎಲ್ಲರಿಗೂ ಗೊತ್ತು. ಸಣ್ಣ ಅಂಗಡಿಗಳ ಹೆಸರಲ್ಲೂ ನಕಲಿ ಖಾತೆ ತೆರೆದು, ಕಾಮೆಂಟ್ ಹಾಕಿದವರಿಗೆ ‘ನೀವು ಗೆದ್ದಿದ್ದೀರಿ, ಕೊರಿಯರ್ ಶುಲ್ಕ ಕಳಿಸಿ’ ಎಂದು ಮೆಸೇಜ್ ಮಾಡುವವರಿದ್ದಾರೆ.